ಹಬ್ಬದ ರಜೆ ಮತ್ತು ಕೊನೆಯ ಆರ್ಡರ್ ತಾರೀಖು: ಗಿರಾಕಿಗಳಿಗೆ ತಿಳಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನಲ್ಲಿ ದೀಪಾವಳಿ ಅಂದರೆ ದೊಡ್ಡಹಬ್ಬ. ಗೋಪೂಜೆ ಬಿಟ್ಟು ಕೆಲಸಕ್ಕೆ ಬನ್ನಿ ಎಂದು ಯಾರನ್ನೂ ಕರೆಯಲು ಆಗುವುದಿಲ್ಲ, ಕರೆಯಲೂಬಾರದು. ಆದರೆ ನಮ್ಮ ಮಾಲು ಹೋಗುವುದು ಬೆಂಗಳೂರು, ಮೈಸೂರು, ಮಂಗಳೂರಿಗೆ. ಅಲ್ಲಿನ ಅಂಗಡಿಗೂ ಅಡುಗೆ ಕಂಟ್ರಾಕ್ಟರಿಗೂ ನಮ್ಮ ರಜೆಯಿಂದ ತೊಂದರೆ ಆಗಬಾರದು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಸಣ್ಣ ಘಟಕ ನಡೆಸುವವರು ಈ ವಿಷಯದಲ್ಲಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಉದಾಹರಣೆಗೆ ಸಾಗರದ ಕಡೆಯ ಒಂದು ಅಡಿಕೆ ಹಾಳೆ ತಟ್ಟೆ ಘಟಕವನ್ನು ಇಟ್ಟುಕೊಂಡಿದ್ದೇನೆ. ತಾರೀಖುಗಳು 2026ರ ದೀಪಾವಳಿಯವು. ನೀವು ಉಪ್ಪಿನಕಾಯಿ ಮಾಡುವವರೋ ಹಪ್ಪಳ ಮಾಡುವವರೋ ಆಗಿದ್ದರೆ ಒಣಗಿಸುವ ದಿನ, ಪ್ಯಾಕಿಂಗ್ ದಿನ ಬೇರೆ ಆಗುತ್ತವೆ. ಲೆಕ್ಕ ಹಾಕುವ ದಾರಿ ಒಂದೇ.

ರಜೆ ಐದೇ ದಿನ. ಅದಕ್ಕೆ ತಿಂಗಳು ಮೊದಲೇ ಹೇಳಬೇಕಾ?

ಬೇಕು. ರಜೆ ನಿಮಗೆ ಐದು ದಿನ, ಗಿರಾಕಿಗೆ ಐದು ದಿನ ಅಲ್ಲ.

ನಮ್ಮ ಉದಾಹರಣೆಯ ಘಟಕ ನವೆಂಬರ್ 8ರ ಭಾನುವಾರದಿಂದ 12ರ ಗುರುವಾರದ ತನಕ ಬಾಗಿಲು ಹಾಕುತ್ತದೆ. 8ಕ್ಕೆ ನರಕ ಚತುರ್ದಶಿ, 10ಕ್ಕೆ ಬಲಿಪಾಡ್ಯಮಿ, 11ಕ್ಕೆ ಕರಿ, ಊರಿಗೆ ಹೋದವರು ವಾಪಸ್ ಬರಲು ಇನ್ನೊಂದು ದಿನ. 13ರ ಶುಕ್ರವಾರ ಕೆಲಸ ಶುರು. ಇಷ್ಟನ್ನೇ ನೋಡಿದರೆ ರಜೆ ಚಿಕ್ಕದು.

ಈಗ ಬೆಂಗಳೂರಿನ ಅಂಗಡಿಯವರ ಕಡೆಯಿಂದ ನೋಡಿ. ಹಬ್ಬದ ವಾರ ಲಾರಿ ಪಾರ್ಸೆಲ್ ನಂಬುವ ಹಾಗಿಲ್ಲ, ಹಾಗಾಗಿ ಕೊನೆಯ ಲೋಡು ನವೆಂಬರ್ 3ಕ್ಕೇ ಹೊರಡುತ್ತದೆ. ಅದು ಹೆಚ್ಚೆಂದರೆ 6ರ ಒಳಗೆ ಅವರ ಕೈ ಸೇರುತ್ತದೆ. ಹಬ್ಬ ಮುಗಿದು ಮತ್ತೆ ಒತ್ತಿ, ಒಣಗಿಸಿ, ಪ್ಯಾಕ್ ಮಾಡಿ ಮೊದಲ ಲೋಡು ಹೊರಡುವುದು 17ಕ್ಕೆ. ಅದು ಅವರಿಗೆ ಸಿಗುವಾಗ 19 ಅಥವಾ 20. ಅಂದರೆ 6ರಿಂದ 20ರ ತನಕ, ಸರಿಯಾಗಿ ಎರಡು ವಾರ, ನಮ್ಮಿಂದ ಅವರಿಗೆ ಒಂದು ತಟ್ಟೆಯೂ ಸಿಗುವುದಿಲ್ಲ.

ವಾರಕ್ಕೆ 500 ತಟ್ಟೆ ಮಾರುವ ಅಂಗಡಿಗೆ ಈ ಎರಡು ವಾರಕ್ಕೆ 1,000 ಬೇಕು. ‘ಐದು ದಿನ ರಜೆ’ ಎಂದಷ್ಟೇ ಕೇಳಿಸಿಕೊಂಡವರು ಮಾಮೂಲಿನಂತೆ 500 ಹಾಕುತ್ತಾರೆ. ನಾವು ಬಾಗಿಲು ತೆರೆಯುವ ದಿನವೇ ಅವರ ಕಪಾಟು ಖಾಲಿ. ತುಳಸಿ ಹಬ್ಬ ಕಳೆದರೆ ಮದುವೆ ಸೀಸನ್ ಬೇರೆ ಶುರು. ಆ ಹೊತ್ತಿಗೆ ಮಾಲು ಇಲ್ಲದ ಅಂಗಡಿ ಬೇರೆ ಕಡೆಯಿಂದ ತರಿಸಿಕೊಳ್ಳುತ್ತದೆ. ಒಮ್ಮೆ ಬೇರೆ ಕಡೆ ಹೋದವರು ಪೂರ್ತಿ ವಾಪಸ್ ಬರುವುದು ಕಷ್ಟ.

ಆದ್ದರಿಂದ ನೋಟಿಸಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ರಜೆಯ ತಾರೀಖಿನದಲ್ಲ. ‘ನವೆಂಬರ್ 20ರ ತನಕ ಬೇಕಾಗುವ ಮಾಲನ್ನು ಈಗಲೇ ಲೆಕ್ಕ ಹಾಕಿ ತರಿಸಿಕೊಳ್ಳಿ’ ಎನ್ನುವ ಸಾಲು. ಹೆಚ್ಚಿನ ನೋಟಿಸುಗಳಲ್ಲಿ ಇದೇ ಇರುವುದಿಲ್ಲ.

ಕೊನೆಯ ಆರ್ಡರ್ ತಾರೀಖನ್ನು ಲೆಕ್ಕ ಹಾಕುವುದು ಹೇಗೆ?

ಹಿಂದಿನಿಂದ ಮುಂದಕ್ಕೆ ಬರಬೇಡಿ, ಮುಂದಿನಿಂದ ಹಿಂದಕ್ಕೆ ಹೋಗಿ. ಕ್ಯಾಲೆಂಡರ್ ಎದುರಿಗೆ ಇಟ್ಟುಕೊಂಡು ಪೆನ್ಸಿಲ್ ಹಿಡಿದು ಕೂರಿ. ಅರ್ಧ ಗಂಟೆ ಕೆಲಸ.

ಮಾಲು ಗಿರಾಕಿಯ ಕೈ ಸೇರಲೇಬೇಕಾದ ದಿನ ನವೆಂಬರ್ 6, ಶುಕ್ರವಾರ. 7ರ ಶನಿವಾರ ಎಲ್ಲರೂ ಹಬ್ಬದ ಗಡಿಬಿಡಿಯಲ್ಲಿ ಇರುತ್ತಾರೆ, ಅಂಗಡಿ ಮುಂದೆ ಲೋಡು ಇಳಿಸಿಕೊಳ್ಳಲು ಜನ ಇರುವುದಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬೇರೆ ದಿನಗಳಲ್ಲಿ ಸಾಗರದಿಂದ ಸಂಜೆ ಹೊರಟ ಪಾರ್ಸೆಲ್ ಶಿವಮೊಗ್ಗದಲ್ಲಿ ಲಾರಿ ಬದಲಾಯಿಸಿ, ಮರುದಿನ ಇಲ್ಲವೇ ಅದರ ಮರುದಿನ ಬೆಂಗಳೂರಿನ ಗೋಡೌನಿನಲ್ಲಿ ಇರುತ್ತದೆ. ಹಬ್ಬದ ವಾರ ಇದಕ್ಕೆ ಇನ್ನೊಂದು ದಿನ ಸೇರಿಸಿ, ಮೂರು ದಿನ ಇಟ್ಟುಕೊಳ್ಳಿ. ಹಾಗಾದರೆ ಕೊನೆಯ ಲೋಡು ನವೆಂಬರ್ 3, ಮಂಗಳವಾರ.

ಅದರ ಹಿಂದೆ ಪ್ಯಾಕಿಂಗ್. ನವೆಂಬರ್ 1 ಭಾನುವಾರ, ರಾಜ್ಯೋತ್ಸವವೂ ಅದೇ ದಿನ. ಪ್ಯಾಕಿಂಗಿಗೆ ಸಿಗುವುದು ಅಕ್ಟೋಬರ್ 31ರ ಶನಿವಾರ ಮತ್ತು ನವೆಂಬರ್ 2ರ ಸೋಮವಾರ. ಮೆಷಿನ್ನಿನಲ್ಲಿ ಕೊನೆಯ ತಟ್ಟೆ ಒತ್ತುವುದು ಅಕ್ಟೋಬರ್ 30ಕ್ಕೆ ಮುಗಿಯಬೇಕು. ನಡುವೆ ಒಣಗಲು ಸಮಯ ಬೇಕೇ ಬೇಕು.

ಈ ಒಣಗಿಸುವ ದಿನಗಳನ್ನು ಕದಿಯುವ ಆಸೆ ಎಲ್ಲರಿಗೂ ಆಗುತ್ತದೆ. ದಯವಿಟ್ಟು ಬೇಡ. ಹಾಳೆಯನ್ನು ನೀರಿನಲ್ಲಿ ನೆನೆಸಿ, ತೊಳೆದು, ಬಿಸಿ ಡೈಗೆ ಕೊಟ್ಟು ಒತ್ತುತ್ತೇವೆ. ಡೈಯಿಂದ ಹೊರಬಂದ ತಟ್ಟೆ ಒಣಗಿದ ಹಾಗೆ ಕಾಣುತ್ತದೆ, ಆದರೆ ದಪ್ಪ ಭಾಗದ ಒಳಗೆ ಪಸೆ ಉಳಿದಿರುತ್ತದೆ. ಅದನ್ನು ಹಾಗೇ ಪ್ಲಾಸ್ಟಿಕ್ ಸುತ್ತಿ ಬಾಕ್ಸಿಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಮಾಮೂಲಿ ದಿನಗಳಲ್ಲಿ ಬಾಕ್ಸ್ ಬೇಗ ತೆರೆಯುವುದರಿಂದ ಹೇಗೋ ಪಾರಾಗಬಹುದು. ಹಬ್ಬಕ್ಕೆ ಮುಚ್ಚಿದ ಗೋಡೌನಿನಲ್ಲಿ ಐದಾರು ದಿನ ಗಾಳಿ ಇಲ್ಲದೆ ಕೂತರೆ ಖಂಡಿತ ಕೆಡುತ್ತದೆ. ಪರೀಕ್ಷೆ ಸುಲಭ. ಕಟ್ಟಿನ ಮಧ್ಯದಿಂದ ಒಂದು ತಟ್ಟೆ ತೆಗೆದು ಅದರ ನಡುಭಾಗವನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನ್ನಿಸಿದರೆ ಪಸೆ ಇದೆ ಎಂದೇ ಅರ್ಥ. ಅಂಚನ್ನು ಬಗ್ಗಿಸಿದಾಗ ಗಡುಸಾಗಿ ನಿಲ್ಲದೆ ಮೆತ್ತಗೆ ಬಾಗಿದರೂ ಅಷ್ಟೇ. ಹಿಂಗಾರು ಮಳೆ ಸಂಜೆ ಸಂಜೆ ಬರುವ ಕಾಲ ಇದು. ಬಿಸಿಲು ನಂಬಿ ಒಂದೇ ದಿನ ಇಟ್ಟುಕೊಂಡರೆ ಸಾಲುವುದಿಲ್ಲ.

ಈಗ ಒತ್ತುವ ದಿನಗಳು. ಅಕ್ಟೋಬರ್ 20 ಆಯುಧಪೂಜೆ, 21 ವಿಜಯದಶಮಿ. ಪೂಜೆ ಮಾಡಿದ ಮೆಷಿನ್ನನ್ನು ಮತ್ತೆ ಮುಟ್ಟುವುದು 22ರ ಗುರುವಾರ. 22ರಿಂದ 30ರ ತನಕ ಭಾನುವಾರ ಬಿಟ್ಟರೆ ಎಂಟು ದಿನ. ಅದೇ ನಡುವೆ, 26ರ ಸೋಮವಾರದ ಆಸುಪಾಸಿನಲ್ಲಿ, ಭೂಮಿ ಹುಣ್ಣಿಮೆ ಬರುತ್ತದೆ. ನಮ್ಮಲ್ಲಿ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಹೆಚ್ಚಿನವರು ಗದ್ದೆ ಇರುವ ಮನೆಯವರು. ರಾತ್ರಿಯಿಡೀ ಅಡುಗೆ ಮಾಡಿ, ಬೆಳಗಿನ ಜಾವ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗುವವರು. ಆ ದಿನ ಕೆಲಸ ಇಲ್ಲ ಎಂದೇ ಬರೆದುಕೊಳ್ಳಿ. ಸರ್ಕಾರಿ ರಜೆ ಪಟ್ಟಿ ನೋಡಿ ಲೆಕ್ಕ ಹಾಕುವವರು ತಪ್ಪುವುದು ಇಂಥ ಕಡೆಯೇ. ಉಳಿದದ್ದು ಏಳು ದಿನ.

ಈ ಘಟಕ ದಿನಕ್ಕೆ 2,000 ತಟ್ಟೆ ಒತ್ತುತ್ತದೆ ಎಂದು ಇಟ್ಟುಕೊಳ್ಳಿ. ಏಳು ದಿನಕ್ಕೆ 14,000. ಕರೆಂಟು ಹೋಗುತ್ತದೆ, ಡೈ ಕೈಕೊಡುತ್ತದೆ, ಒಡೆದ ತಟ್ಟೆ ಬೇರೆ ಹೋಗುತ್ತದೆ. ಐದರಲ್ಲಿ ಒಂದು ಪಾಲು ತೆಗೆದಿಡಿ. ಉಳಿಯುವುದು ಸುಮಾರು 11,000.

ಅಂದರೆ ಆಯುಧಪೂಜೆಗೆ ಮೆಷಿನ್ ನಿಲ್ಲಿಸುವಾಗ ಬಾಕಿ ಇರುವ ಆರ್ಡರ್ 11,000 ತಟ್ಟೆ ದಾಟಿರಬಾರದು. ಕೊನೆಯ ಆರ್ಡರ್ ತಾರೀಖು ಅದರ ಹಿಂದಿನ ದಿನ, ಅಕ್ಟೋಬರ್ 19, ಸೋಮವಾರ ಸಂಜೆ 5 ಗಂಟೆ. ರಜೆ ಶುರುವಾಗುವುದಕ್ಕೆ ಪೂರ್ತಿ 20 ದಿನ ಮೊದಲು. ‘ಇಷ್ಟು ಮುಂಚೆಯಾ’ ಎಂದು ಮೊದಲ ಸಲ ಲೆಕ್ಕ ಹಾಕಿದವರಿಗೆಲ್ಲ ಅನ್ನಿಸುತ್ತದೆ. ಆದರೆ ಇದರಲ್ಲಿ ಬಿಡಬಹುದಾದ ದಿನ ಯಾವುದು, ನೀವೇ ಹುಡುಕಿ ನೋಡಿ.

3ಕ್ಕೆ ಕೊನೆಯ ಲೋಡು ಹೋದ ಮೇಲೆ 7ರ ತನಕ ಸುಮ್ನೆ ಕೂರುವುದಾ?

ಇಲ್ಲ. ಸಾಗರ, ಶಿವಮೊಗ್ಗ, ತೀರ್ಥಹಳ್ಳಿಯ ಅಂಗಡಿಗಳಿಗೆ ನಮ್ಮದೇ ಗಾಡಿಯಲ್ಲಿ ಮಾಲು ಹಾಕುವುದು ಆ ದಿನಗಳಲ್ಲೇ. ಹತ್ತಿರದವರಿಗೆ ಕೊನೆಯ ಆರ್ಡರ್ ತಾರೀಖು ಬೇರೆ ಕೊಡಬಹುದು, ಅಕ್ಟೋಬರ್ 28ರ ತನಕ ತೆಗೆದುಕೊಂಡರೂ ನಡೆಯುತ್ತದೆ. ನವೆಂಬರ್ 6ರಿಂದ ಜನ ಒಬ್ಬೊಬ್ಬರೇ ಊರಿಗೆ ಹೊರಡುತ್ತಾರೆ. ಕೊನೆಯ ದಿನ ಡೈ ಒರೆಸಿ, ನೆನೆಸುವ ತೊಟ್ಟಿ ಖಾಲಿ ಮಾಡಿ ಮುಚ್ಚಬೇಕು. ನೀರು ಬಿಟ್ಟು ಹೋದರೆ ಐದು ದಿನದಲ್ಲಿ ವಾಸನೆ ಬರುತ್ತದೆ.

ಹಾಗಾದರೆ ಎಲ್ಲರಿಗೂ ಒಂದೇ ತಾರೀಖು ಆಗುವುದಿಲ್ಲವಾ?

ಆಗುವುದಿಲ್ಲ, ಆದರೆ ತಾರೀಖು ಜಾಸ್ತಿಯೂ ಆಗಬಾರದು. ಮೂರು ಸಾಕು. ದೂರದವರ ಮಾಮೂಲಿ ಅಳತೆಗೆ ಒಂದು, ಹತ್ತಿರದವರಿಗೆ ಒಂದು, ಹೆಸರು ಅಥವಾ ಲೋಗೋ ಹಾಕಿಸುವ ಆರ್ಡರಿಗೆ ಒಂದು. ಲೋಗೋ ಕೆಲಸಕ್ಕೆ ಮಾದರಿ ಕಳಿಸಿ ಒಪ್ಪಿಗೆ ತೆಗೆದುಕೊಳ್ಳಬೇಕು, ಆ ಒಪ್ಪಿಗೆ ಬರುವುದೇ ತಡ. ಅದಕ್ಕೆ ಅಕ್ಟೋಬರ್ 9, ಶುಕ್ರವಾರ ಇಡುತ್ತೇನೆ. ಮರುದಿನ 10ಕ್ಕೆ ಮಹಾಲಯ ಅಮಾವಾಸ್ಯೆ, ಅಡ್ವಾನ್ಸ್ ಹಾಕಲು ಕೆಲವರು ಹಿಂದೆ ಮುಂದೆ ನೋಡುತ್ತಾರೆ.

ಮೂರು ತಾರೀಖನ್ನೂ ಒಂದೇ ಮೆಸೇಜಿನಲ್ಲಿ ಎಲ್ಲರಿಗೂ ಕಳಿಸಬೇಡಿ. ಗಿರಾಕಿಯ ಕಣ್ಣಿಗೆ ಕೊನೆಯ ತಾರೀಖು ಮಾತ್ರ ಬೀಳುತ್ತದೆ. ಯಾರಿಗೆ ಯಾವುದು ಅನ್ವಯವೋ ಅದೊಂದನ್ನೇ ಕಳಿಸಿ.

19ಕ್ಕೆ ಮೊದಲೇ 11,000 ತುಂಬಿಬಿಟ್ಟರೆ?

ಅಲ್ಲಿಗೇ ನಿಲ್ಲಿಸಬೇಕು. ಅದಕ್ಕೇ ನೋಟಿಸಿನಲ್ಲಿ ‘ಅಕ್ಟೋಬರ್ 19 ಅಥವಾ ನಮ್ಮ ಕೈ ತುಂಬುವ ತನಕ, ಯಾವುದು ಮೊದಲೋ ಅದು’ ಎಂದು ಮೊದಲೇ ಬರೆದಿರಬೇಕು. ಬರೆಯದೆ 16ಕ್ಕೇ ಬಾಗಿಲು ಹಾಕಿದರೆ ಗಿರಾಕಿ ಸಿಟ್ಟಾಗುತ್ತಾನೆ, ಅವನ ಸಿಟ್ಟು ನ್ಯಾಯವಾದದ್ದೇ.

ಇದರ ಜೊತೆ ಇನ್ನೊಂದು ಕೆಲಸ ಇದೆ. ವರ್ಷವಿಡೀ ತೆಗೆದುಕೊಳ್ಳುವ ಅಂಗಡಿಗಳ ಪಾಲನ್ನು ಮೊದಲೇ ಎತ್ತಿಡಿ. ಈ ಘಟಕಕ್ಕೆ ಅಂಥ ಕಾಯಂ ಗಿರಾಕಿಗಳಿಂದ 6,000 ತಟ್ಟೆ ಬರುತ್ತದೆ ಎಂದುಕೊಳ್ಳಿ. ಹೊಸಬರಿಗೆ, ಮದುವೆ ಕಂಟ್ರಾಕ್ಟರುಗಳಿಗೆ ಉಳಿಯುವುದು 5,000 ಮಾತ್ರ. ಅಕ್ಟೋಬರ್ 12ಕ್ಕೆ ಒಬ್ಬ ಕಂಟ್ರಾಕ್ಟರ್ ಫೋನ್ ಮಾಡಿ ನವೆಂಬರ್ 15ರ ಗೃಹಪ್ರವೇಶಕ್ಕೆ 6,000 ಬೇಕು ಅಂದರೆ ಏನು ಹೇಳುತ್ತೀರಿ? ಕಾಯಂ ಅಂಗಡಿಯ ಪಾಲಿನಿಂದ 1,000 ಕಿತ್ತು ಕೊಟ್ಟರೆ ಇವತ್ತಿಗೆ ಲಾಭ. ನಾನು 5,000ಕ್ಕೆ ಒಪ್ಪಿಕೊಂಡು, ಉಳಿದ 1,000ಕ್ಕೆ ಚಿಕ್ಕ ಅಳತೆಯ ತಟ್ಟೆ ಸ್ಟಾಕಿನಲ್ಲಿ ಇದ್ದರೆ ಅದನ್ನು ಕೊಡುತ್ತೇನೆ. ತಿಂಡಿಗೆ ಚಿಕ್ಕ ತಟ್ಟೆ ಸಾಕಾಗುತ್ತದೆ. ಅಡುಗೆಯವರಿಗೂ ಇದು ಗೊತ್ತು, ಹೇಳಿದರೆ ಒಪ್ಪುತ್ತಾರೆ.

ಆರ್ಡರ್ ಬಂತು ಎಂದು ಲೆಕ್ಕಕ್ಕೆ ಹಿಡಿಯುವುದು ಯಾವಾಗ?

ಅಳತೆ, ಸಂಖ್ಯೆ, ತಲುಪಿಸುವ ವಿಳಾಸ ಮೂರೂ ಬರಹದಲ್ಲಿ ಬಂದು, ಅಡ್ವಾನ್ಸ್ ಖಾತೆಗೆ ಬಿದ್ದ ಮೇಲೆ. ‘ಒಂದು ಐದು ಸಾವಿರ ಇಟ್ಟಿರಿ ಮಾರಾಯ್ರೇ, ಆಮೇಲೆ ಹೇಳ್ತೀನಿ’ ಎನ್ನುವುದು ಆರ್ಡರ್ ಅಲ್ಲ. ಬೇರೆ ತಿಂಗಳಲ್ಲಿ ಈ ಮಾತಿನ ಮೇಲೆ ಮಾಲು ಎತ್ತಿಡಬಹುದು. ಹಬ್ಬದ ಮುಂಚೆ ಅದು ಇನ್ನೊಬ್ಬರ ಪಾಲು. ಕಾಯಂ ಅಂಗಡಿಗಳಿಗೆ ಅಡ್ವಾನ್ಸ್ ಕೇಳುವುದು ಬೇಡ, ಆದರೆ ಸಂಖ್ಯೆಯನ್ನು ಅವರಿಂದಲೂ ಬರಹದಲ್ಲೇ ತೆಗೆದುಕೊಳ್ಳಿ. ಚೆಕ್ ಕೊಡುವವರಿದ್ದರೆ ಹಣ ಜಮಾ ಆದ ದಿನವೇ ಆರ್ಡರ್ ದಿನ ಎಂದು ಮೊದಲೇ ಹೇಳಿ.

‘ದೀಪಾವಳಿಗೆ ರಜೆ’ ಎಂದು ಬರೆದರೆ ಸಾಲದಾ? ಎಲ್ಲರಿಗೂ ಗೊತ್ತಿರುವ ಹಬ್ಬ ತಾನೇ?

ಸಾಲದು. ನಮಗೆ ಹಬ್ಬದ ತಿರುಳು ಬಲಿಪಾಡ್ಯಮಿ, ಈ ಸಲ ಅದು 10ರ ಮಂಗಳವಾರ. ತಮಿಳು ಗಿರಾಕಿಗೆ ದೀಪಾವಳಿ ಅಂದರೆ ನರಕ ಚತುರ್ದಶಿಯ ಎಣ್ಣೆಸ್ನಾನ, ಅದು 8ರ ಭಾನುವಾರ. ಬೆಂಗಳೂರಿನ ಸಗಟು ಪೇಟೆಯ ಮಾರವಾಡಿ ಅಂಗಡಿಗೆ ಲಕ್ಷ್ಮೀಪೂಜೆಯೇ ಮುಖ್ಯ, ಅದೂ 8ರ ಸಂಜೆಗೆ. ‘ಹಬ್ಬದ ಮರುದಿನ ಕಳಿಸುತ್ತೇವೆ’ ಎಂದು ನೀವು 11ನ್ನು ಮನಸ್ಸಿನಲ್ಲಿ ಇಟ್ಟು ಬರೆದರೆ ಅವರು 9 ಎಂದು ಓದುತ್ತಾರೆ. ಹಬ್ಬದ ಹೆಸರು ಶುಭಾಶಯಕ್ಕೆ ಇರಲಿ. ರಜೆಗೆ ತಾರೀಖು ಮತ್ತು ವಾರ ಎರಡನ್ನೂ ಬರೆಯಿರಿ. ತಾರೀಖು ತಪ್ಪಾಗಿ ಟೈಪ್ ಆಗಿದ್ದರೆ ವಾರ ನೋಡಿ ಗಿರಾಕಿಯೇ ಕೇಳುತ್ತಾರೆ.

‘10ರ ತನಕ ರಜೆ’ ಎನ್ನುವುದರಲ್ಲೂ ಗೊಂದಲ ಇದೆ. 10ಕ್ಕೆ ತೆರೆದಿರುತ್ತದೋ ಮುಚ್ಚಿರುತ್ತದೋ? ‘12ರ ಗುರುವಾರವೂ ರಜೆ, 13ರ ಶುಕ್ರವಾರ ಬೆಳಗ್ಗೆ ತೆರೆಯುತ್ತೇವೆ’ ಎಂದು ಬರೆದರೆ ಯಾರೂ ತಪ್ಪು ತಿಳಿಯುವುದಿಲ್ಲ.

ನೋಟಿಸ್ ಹೇಗಿರಬೇಕು? ಒಂದು ಮಾದರಿ ಕೊಡಿ.

ಮೊಬೈಲ್ ಪರದೆಯಲ್ಲಿ ಬೆರಳಾಡಿಸದೆ ಓದಲು ಆಗುವಷ್ಟು. ಶುಭಾಶಯ ಕೊನೆಗೆ ಬರಲಿ. ಮೊದಲ ಸಾಲೇ ದೀಪದ ಚಿತ್ರ, ಶುಭಾಶಯ ಆದರೆ ಇದೂ ಒಂದು ಹಬ್ಬದ ಮೆಸೇಜ್ ಎಂದು ತೆರೆಯದೇ ಬಿಡುತ್ತಾರೆ. ದೂರದ ಕಾಯಂ ಅಂಗಡಿಗೆ ನಾನು ಬರೆಯುವುದು ಹೀಗೆ:

> ನಮಸ್ಕಾರ ಸಾರ್. ಹಾಳೆ ತಟ್ಟೆ ಆರ್ಡರ್ ಬಗ್ಗೆ.
>
> ದೀಪಾವಳಿಗೆ ಮೊದಲು ಮಾಲು ತಲುಪಲು ಕೊನೆಯ ಆರ್ಡರ್: ಅಕ್ಟೋಬರ್ 19, ಸೋಮವಾರ, ಸಂಜೆ 5. ಅದಕ್ಕೆ ಮೊದಲೇ ಕೈ ತುಂಬಿದರೆ ಅಲ್ಲಿಗೇ ನಿಲ್ಲಿಸುತ್ತೇವೆ.
>
> ಹಬ್ಬಕ್ಕೆ ಮೊದಲಿನ ಕೊನೆಯ ಲೋಡು: ನವೆಂಬರ್ 3, ಮಂಗಳವಾರ.
>
> ರಜೆ: ನವೆಂಬರ್ 8, ಭಾನುವಾರದಿಂದ 12, ಗುರುವಾರದವರೆಗೆ. 13ರ ಶುಕ್ರವಾರ ತೆರೆಯುತ್ತೇವೆ.
>
> ರಜೆಯ ನಂತರದ ಮೊದಲ ಲೋಡು: ನವೆಂಬರ್ 17, ಮಂಗಳವಾರ. ನಿಮಗೆ ಸಿಗುವುದು 20ರ ಒಳಗೆ.
>
> ಹಾಗಾಗಿ ನವೆಂಬರ್ 20ರ ತನಕ ಬೇಕಾಗುವಷ್ಟನ್ನು ಈಗಲೇ ಹೇಳಿ. ಕಳೆದ ತಿಂಗಳು ನೀವು ವಾರಕ್ಕೆ 500 ತೆಗೆದುಕೊಂಡಿದ್ದೀರಿ. ಈ ಸಲ 1,000 ಬರೆದುಕೊಳ್ಳಲೇ?
>
> ಹಬ್ಬದ ಶುಭಾಶಯಗಳು.

ಕೊನೆಯ ಪ್ರಶ್ನೆಯನ್ನು ಗಮನಿಸಿ. ಬರೀ ಮಾಹಿತಿ ಕಳಿಸಿದರೆ ಕೈ ಮುಗಿಯುವ ಚಿತ್ರವೊಂದು ಉತ್ತರವಾಗಿ ಬರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಪ್ರಶ್ನೆ ಕೇಳಿದರೆ ಹೌದು ಅಥವಾ ಇಲ್ಲ ಬರುತ್ತದೆ. ಅವರ ಹಳೆಯ ಬಿಲ್ ನೋಡಿ ಸಂಖ್ಯೆಯನ್ನು ನೀವೇ ಹಾಕಿ ಕೇಳಿದರೆ ಅವರ ಅರ್ಧ ಕೆಲಸ ನೀವೇ ಮಾಡಿಕೊಟ್ಟ ಹಾಗೆ.

ಯಾವಾಗ, ಎಷ್ಟು ಸಲ ಕಳಿಸಬೇಕು?

ಮೂರು ಸಲ. ಮೊದಲನೆಯದು ಸೆಪ್ಟೆಂಬರ್ 28ರ ಸೋಮವಾರ, ಅಂದರೆ ಆರ್ಡರ್ ಗಡುವಿಗೆ ಮೂರು ವಾರ ಮೊದಲು. ಅದು ಪಿತೃಪಕ್ಷದ ಶುರು, ಮದುವೆ ಮುಂಜಿ ಇರುವುದಿಲ್ಲ, ಅಡುಗೆ ಕಂಟ್ರಾಕ್ಟರುಗಳು ಫೋನಿಗೆ ಸಿಗುತ್ತಾರೆ. ಎರಡನೆಯದು ಅಕ್ಟೋಬರ್ 12ರ ಸೋಮವಾರ, ಇನ್ನೂ ಉತ್ತರ ಕೊಡದವರಿಗೆ ಮಾತ್ರ. ಮೂರನೆಯದು 17ರ ಶನಿವಾರ, ಒಂದೇ ಸಾಲು: ‘ಸೋಮವಾರ ಸಂಜೆ 5ಕ್ಕೆ ಆರ್ಡರ್ ಮುಗಿಯುತ್ತದೆ, ನಿಮ್ಮದು ಇನ್ನೂ ಬಂದಿಲ್ಲ.’ ಆಗಲೇ ಆರ್ಡರ್ ಕೊಟ್ಟವರಿಗೆ ಜ್ಞಾಪನೆ ಕಳಿಸಬೇಡಿ. ‘ನನ್ನದು ಬರೆದುಕೊಂಡಿಲ್ಲವಾ’ ಎಂದು ಗಾಬರಿಯಾಗಿ ಫೋನ್ ಮಾಡುತ್ತಾರೆ.

ಸೆಪ್ಟೆಂಬರ್ ಕೊನೆಯಿಂದ ಹೋಗುವ ಪ್ರತಿ ಬಿಲ್ಲಿನ ಕೆಳಗೂ ಕೊನೆಯ ಆರ್ಡರ್ ತಾರೀಖಿನ ಸೀಲ್ ಒತ್ತಿ. ಮೆಸೇಜ್ ನೋಡುವುದು ಅಂಗಡಿ ಯಜಮಾನರು, ಮಾಲು ಇಳಿಸಿಕೊಳ್ಳುವುದು ಮ್ಯಾನೇಜರ್. ಬಿಲ್ ಇಬ್ಬರ ಕೈಯಲ್ಲೂ ಓಡಾಡುತ್ತದೆ.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಹಾಕಿದ್ದೆ. ಆದರೂ ಕೆಲವರು ‘ನಮಗೆ ಬಂದೇ ಇಲ್ಲ’ ಅಂತಾರೆ. ಯಾಕೆ?

ಅವರು ಹೇಳುವುದು ನಿಜ ಇರಬಹುದು. ಬ್ರಾಡ್‌ಕಾಸ್ಟ್ ಮೆಸೇಜ್ ತಲುಪುವುದು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ. ಹೊಸ ಗಿರಾಕಿಗಳು, ಫೋನ್ ಬದಲಾಯಿಸಿದವರು ಇದರಲ್ಲಿ ತಪ್ಪಿಹೋಗುತ್ತಾರೆ. ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು ಅದರ ಮಾಹಿತಿ ತೆರೆದರೆ ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಎನ್ನುವ ಪಟ್ಟಿ ಸಿಗುತ್ತದೆ. ಎರಡು ದಿನ ಬಿಟ್ಟು ಅದನ್ನು ನೋಡಿ, ತಲುಪದವರಿಗೆ ಪ್ರತ್ಯೇಕವಾಗಿ ಕಳಿಸಿ.

ಜಾಸ್ತಿ ಮಾಲು ತೆಗೆದುಕೊಳ್ಳುವ ಐದಾರು ಗಿರಾಕಿಗಳಿಗೆ ಮೆಸೇಜ್ ಜೊತೆ ಫೋನೂ ಮಾಡಿ. ಫೋನಿನಲ್ಲಿ ಸಿಗುವ ಸುದ್ದಿ ಬೇರೆ. ‘ನವೆಂಬರ್ ಕೊನೆಗೆ ಮೂರು ಮದುವೆ ಹಿಡಿದಿದ್ದೀನಿ’ ಎಂದು ಅವರಾಗಿಯೇ ಹೇಳುತ್ತಾರೆ. ಅದು ಮೆಸೇಜಿನಲ್ಲಿ ಯಾವತ್ತೂ ಬರುವುದಿಲ್ಲ. ಮಾತು ಮುಗಿದ ಮೇಲೆ ಒಪ್ಪಿದ್ದನ್ನು ಎರಡು ಸಾಲಿನಲ್ಲಿ ಬರೆದು ಕಳಿಸುವುದನ್ನು ಮರೆಯಬೇಡಿ.

ಸಾಗಣೆಯವರನ್ನು ಏನೇನು ಕೇಳಿಕೊಳ್ಳಬೇಕು?

ಗಿರಾಕಿಗಳಿಗೆ ತಾರೀಖು ಹೇಳುವ ಮೊದಲೇ ಪಾರ್ಸೆಲ್ ಆಫೀಸಿಗೆ ಹೋಗಿ ಮಾತಾಡಿ. ಫೋನಿನಲ್ಲಿ ‘ಬರ್ಲಿ ಬಿಡಿ, ಕಳಿಸೋಣ’ ಅಂತಲೇ ಹೇಳುತ್ತಾರೆ. ಬುಕಿಂಗ್ ಯಾವತ್ತು ನಿಲ್ಲಿಸುತ್ತೀರಿ, ಬೆಂಗಳೂರು ಗೋಡೌನಿನಲ್ಲಿ ಹಮಾಲರು ಯಾವತ್ತಿನ ತನಕ ಇರುತ್ತಾರೆ ಎಂದು ಬಿಡಿಸಿ ಕೇಳಬೇಕು. ಎರಡನೆಯ ಪ್ರಶ್ನೆಯೇ ಮುಖ್ಯ. ಬುಕಿಂಗ್ ತೆಗೆದುಕೊಳ್ಳುವುದು ಇಲ್ಲಿನವರು, ಮಾಲು ಇಳಿಯಬೇಕಾದದ್ದು ಅಲ್ಲಿ. ಆ ಕಡೆ ಜನ ಊರಿಗೆ ಹೋಗಿದ್ದರೆ ನಿಮ್ಮ ಬಾಕ್ಸ್ ಲಾರಿಯಲ್ಲೋ ಗೋಡೌನಿನ ಮೂಲೆಯಲ್ಲೋ ಹಬ್ಬ ಮುಗಿಯುವ ತನಕ ಕೂರುತ್ತದೆ. ನಿಮ್ಮ ಲೆಕ್ಕದಲ್ಲಿ ಮಾಲು ಹೋಗಿದೆ, ಗಿರಾಕಿಯ ಲೆಕ್ಕದಲ್ಲಿ ಬಂದಿಲ್ಲ.

ಬಸ್ಸಿನಲ್ಲಿ ಕಳಿಸುವ ಯೋಚನೆ ಹಲವರಿಗೆ ಬರುತ್ತದೆ. ಕೆಎಸ್ಸಾರ್ಟಿಸಿಯ ನಮ್ಮ ಕಾರ್ಗೋ ಆಗಲಿ, ಖಾಸಗಿ ರಾತ್ರಿ ಬಸ್ಸಾಗಲಿ, ಒಂದೆರಡು ಬಾಕ್ಸಿಗೆ ಚೆನ್ನ. ಆದರೆ ಹಬ್ಬದ ಹಿಂದಿನ ದಿನಗಳಲ್ಲಿ ಬಸ್ಸಿನ ಡಿಕ್ಕಿ ಪ್ರಯಾಣಿಕರ ಬ್ಯಾಗಿನಿಂದಲೇ ತುಂಬಿರುತ್ತದೆ. ತಟ್ಟೆ ಬಾಕ್ಸಿಗೆ ತೂಕ ಕಡಿಮೆ, ಜಾಗ ಜಾಸ್ತಿ. ಅದನ್ನೇ ಮೊದಲು ಕೆಳಗೆ ಇಳಿಸುತ್ತಾರೆ.

ಇ-ವೇ ಬಿಲ್ ಬೇಕಾಗುವ ಸರಕು ಕಳಿಸುವವರು ಅವಧಿಯನ್ನೂ ನೋಡಿಕೊಳ್ಳಿ. ಮಾಮೂಲಿ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನ. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್, ಅಂದರೆ ಎರಡು ದಿನ ಮಾತ್ರ ಸಿಗುತ್ತದೆ. ಲಾರಿ ದಾರಿಯಲ್ಲಿ ನಿಂತರೆ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ 8 ಗಂಟೆ ನಂತರದ ಒಳಗೆ ವಿಸ್ತರಿಸಿಕೊಳ್ಳಬೇಕು. ಹಬ್ಬದ ದಿನ ಆ ಕೆಲಸ ಮಾಡುವವರು ಯಾರು ಎಂದು ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ.

ಲೋಡು ಹೊರಟ ದಿನವೇ ಬುಕಿಂಗ್ ರಸೀದಿಯ ಫೋಟೋ ಗಿರಾಕಿಗೆ ಕಳಿಸಿ. 5ರ ಸಂಜೆಗೂ ಮಾಲು ಸಿಕ್ಕದಿದ್ದರೆ ಫೋನ್ ಮಾಡಿ ಎಂದು ಅದರ ಕೆಳಗೆ ಬರೆಯಿರಿ. 6ಕ್ಕೆ ಗೋಡೌನಿಗೆ ಫೋನ್ ಮಾಡಿ ಹುಡುಕಿಸಲು ಇನ್ನೂ ಒಂದು ದಿನ ಕೈಯಲ್ಲಿ ಇರುತ್ತದೆ.

ಗಡುವು ದಾಟಿದ ಮೇಲೆ ಹಳೇ ಗಿರಾಕಿ ಕೇಳಿದರೆ ಇಲ್ಲ ಅನ್ನುವುದು ಹೇಗೆ?

ಇದೇ ಎಲ್ಲಕ್ಕಿಂತ ಕಷ್ಟದ್ದು. ಹತ್ತು ವರ್ಷದಿಂದ ತೆಗೆದುಕೊಳ್ಳುವವರು ಅಕ್ಟೋಬರ್ 24ಕ್ಕೆ ಫೋನ್ ಮಾಡಿ, ‘ಏನಣ್ಣಾ, ನನಗೂ ಇಲ್ವಾ?’ ಅಂದರೆ ಬಾಯಿ ಕಟ್ಟುತ್ತದೆ. ‘ನೋಡೋಣ, ಟ್ರೈ ಮಾಡ್ತೀನಿ’ ಎಂದುಬಿಡುವುದು ಸುಲಭ. ಆದರೆ ಆ ಮಾತಿನ ಮೇಲೆ ಅವರು ಬೇರೆ ಕಡೆ ಹುಡುಕುವುದನ್ನು ನಿಲ್ಲಿಸುತ್ತಾರೆ. ನವೆಂಬರ್ 5ಕ್ಕೆ ಆಗಲಿಲ್ಲ ಅಂದರೆ ಅವರಿಗೆ ದಾರಿಯೇ ಇರುವುದಿಲ್ಲ. 24ಕ್ಕೇ ಇಲ್ಲ ಅಂದರೆ ಹತ್ತು ದಿನ ಇರುತ್ತದೆ.

ಬರೀ ಇಲ್ಲ ಅನ್ನಬೇಡಿ, ಕೊಡಲು ಆಗುವುದನ್ನು ಹೇಳಿ. ‘ಅಣ್ಣಾ, 12 ಇಂಚು ಹಬ್ಬದ ಒಳಗೆ ಆಗಲ್ಲ. 10 ಇಂಚು 600 ಸ್ಟಾಕ್ ಇದೆ, ಒಣಗಿದ್ದು, 3ನೇ ತಾರೀಖಿನ ಲೋಡಿಗೆ ಹಾಕ್ತೀನಿ. 12 ಇಂಚಿಗೆ 17ರ ಲೋಡಿನಲ್ಲಿ ನಿಮ್ಮ ಹೆಸರು ಮೊದಲು ಬರೀತೀನಿ. ಅಷ್ಟರೊಳಗೆ ಬೇಕೇ ಬೇಕು ಅಂದ್ರೆ ಪಕ್ಕದ ಊರಿನ ಘಟಕದವರನ್ನು ಕೇಳಿ ಹೇಳ್ತೀನಿ.’ ಪಕ್ಕದವರಿಗೆ ಗಿರಾಕಿಯನ್ನು ಕಳಿಸಲು ಹೆದರಬೇಡಿ. ಅವರ ಕೈ ತುಂಬಿದಾಗ ಅವರೂ ನಿಮ್ಮ ಕಡೆ ಕಳಿಸುತ್ತಾರೆ.

ಒಬ್ಬರಿಗೆ ಗಡುವು ಮುರಿದರೆ ಆ ಸುದ್ದಿ ಉಳಿದವರಿಗೂ ಹೋಗುತ್ತದೆ. ಮುಂದಿನ ವರ್ಷ ನಿಮ್ಮ 19ನೇ ತಾರೀಖನ್ನು ಯಾರೂ ನಂಬುವುದಿಲ್ಲ.

ರಜೆಯಲ್ಲಿ ಫೋನ್ ಎತ್ತಬೇಕಾ?

ದಿನಕ್ಕೆ ಒಂದು ಹೊತ್ತು, ಒಬ್ಬರು ಎತ್ತಿದರೆ ಸಾಕು. ಬೆಳಗ್ಗೆ 10ರಿಂದ 11 ಎಂದು ನೋಟಿಸಿನಲ್ಲಿ ಹಾಕಿ. ವಾಟ್ಸಾಪ್ ಬಿಸಿನೆಸ್ ಬಳಸುವವರು ರಜೆಯ ತಾರೀಖು ಕೊಟ್ಟು ತಾನಾಗಿಯೇ ಹೋಗುವ ಉತ್ತರ ಇಟ್ಟುಕೊಳ್ಳಬಹುದು. ಅದರಲ್ಲಿ 13ಕ್ಕೆ ತೆರೆಯುತ್ತೇವೆ, ಮೊದಲ ಲೋಡು 17ಕ್ಕೆ, ಆರ್ಡರ್ ಬರೆದಿಟ್ಟರೆ ಬಂದ ಸಾಲಿನಲ್ಲೇ ಹಿಡಿಯುತ್ತೇವೆ ಎಂದು ಇರಲಿ. 13ಕ್ಕೆ ಅದನ್ನು ತೆಗೆಯಲು ಮರೆಯಬೇಡಿ.

13ಕ್ಕೆ ತೆರೆದ ಮೇಲೆ 17ರ ತನಕ ಯಾಕೆ ಕಾಯಬೇಕು?

13ಕ್ಕೆ ಹಾಳೆ ನೆನೆಸಿ ಒತ್ತಲು ಶುರು ಮಾಡುತ್ತೇವೆ, ಆ ದಿನ ಬರುವುದೇ ಅರ್ಧ ಜನ. 14ಕ್ಕೆ ಪೂರ್ತಿ ಕೆಲಸ, 15 ಭಾನುವಾರ, ಒಣಗುತ್ತಿರುತ್ತದೆ. 16ಕ್ಕೆ ಪ್ಯಾಕಿಂಗ್, 17ಕ್ಕೆ ಲೋಡು. ತೆರೆಯುವ ತಾರೀಖು ಮಾತ್ರ ಹೇಳಿದರೆ ಗಿರಾಕಿ 14ಕ್ಕೇ ಮಾಲು ಎದುರು ನೋಡುತ್ತಾರೆ. ಎರಡೂ ತಾರೀಖು ಹೇಳಿ.

ಇಷ್ಟೆಲ್ಲ ಮಾಡಿಯೂ ಮಳೆ ಬಂದು 3ರ ಲೋಡು ತಪ್ಪುವ ಹಾಗಿದ್ದರೆ?

ಗೊತ್ತಾದ ದಿನವೇ ಹೇಳಬೇಕು. ಅಕ್ಟೋಬರ್ 28ರ ಸಂಜೆ ಕೂತು ಬಾಕಿ ಎಣಿಸಿ. ಎರಡು ದಿನ ಮಳೆ ಹಿಡಿದು ಕರೆಂಟೂ ಹೋಗಿ, 11,000ದಲ್ಲಿ ಇನ್ನೂ 5,000 ಒತ್ತಬೇಕಿದೆ ಅಂದರೆ 30ರೊಳಗೆ ಮುಗಿಯುವುದಿಲ್ಲ. ಉಳಿದ ಎರಡು ದಿನದಲ್ಲಿ ಆಗುವುದು ಹೆಚ್ಚೆಂದರೆ 4,000. ಕೊರತೆ 1,000.

ಆಗ ಎಲ್ಲರ ಪಾಲಿನಿಂದ ಸ್ವಲ್ಪ ಸ್ವಲ್ಪ ಕತ್ತರಿಸಬೇಡಿ. ಹಾಗೆ ಮಾಡಿದರೆ ಹತ್ತು ಜನಕ್ಕೂ ಅಸಮಾಧಾನ. ಯಾರಿಗೆ ಸಮಾರಂಭದ ದಿನ ಗೊತ್ತಾಗಿದೆಯೋ ಅವರಿಗೆ ಪೂರ್ತಿ ಕೊಡಿ, ಮದುವೆಮನೆಯಲ್ಲಿ ತಟ್ಟೆ ಕಡಿಮೆ ಬೀಳಬಾರದು. ಅಂಗಡಿಗಳಲ್ಲಿ ಸ್ಟಾಕ್ ಇರುವ ಒಂದಿಬ್ಬರನ್ನು ಕೇಳಿ, ಅವರ 1,000ವನ್ನು 17ರ ಲೋಡಿಗೆ ಹಾಕಿ. 28ರ ಸಂಜೆಯೇ ಫೋನ್ ಮಾಡಿ ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಸಾಗಣೆ ಖರ್ಚು ನಮ್ಮದು ಎಂದು ನೀವಾಗಿಯೇ ಹೇಳಿ, ಅವರು ಕೇಳುವ ತನಕ ಕಾಯಬೇಡಿ.